ಏಳು ಪದಗಳು, ನಾಲ್ಕು ಗುಂಪುಗಳು

*ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯ ವ್ಯಾಕರಣ ಲೇಖನದಲ್ಲಿ ಒಂದು ಕನ್ನಡ ವಾಕ್ಯವನ್ನು ಕೊಂಬೆ ಕೊಂಬೆಯಾಗಿ ಒಡೆದು ‘ವೃಕ್ಷ’ ಬಿಡಿಸಿದ್ದನ್ನು ನೋಡಿದೆ. ಇಂಗ್ಲಿಷಿನಲ್ಲಿ ಪದಗಳ ಸ್ಥಾನ ಗಟ್ಟಿ, ಅಲ್ಲಿ ಅದು ಸರಿ ಇರಬಹುದು. ಕನ್ನಡದಲ್ಲಿ ಪದಗಳನ್ನು ಹೇಗೆ ಬೇಕಾದರೂ ಹಿಂದೆಮುಂದೆ ಮಾಡಬಹುದಲ್ಲ? ಈ ಗುಂಪುಗಳು ಭಾಷೆಯಲ್ಲಿ ನಿಜವಾಗಿಯೂ ಇವೆಯೋ, ಅಥವಾ ವಿದ್ವಾಂಸರು ಎಳೆದ ಗೆರೆಗಳೋ?*
*— ನಿವೃತ್ತ ಕನ್ನಡ ಅಧ್ಯಾಪಕರು, ಶಿರಸಿ*

ಮಾನ್ಯರೇ,

ನಿಮ್ಮ ಪ್ರಶ್ನೆಗೆ ನೀವು ಕೊಟ್ಟ ಕಾರಣದಲ್ಲೇ ಉತ್ತರವೂ ಇದೆ. ಒಂದು ವಾಕ್ಯವನ್ನು ಮುಂದಿಟ್ಟುಕೊಳ್ಳೋಣ: ‘ಅಜ್ಜಿ ಪಕ್ಕದ ಮನೆಯ ಹುಡುಗನಿಗೆ ಬಿಸಿ ರೊಟ್ಟಿಯನ್ನು ಕೊಟ್ಟಳು.’ ಏಳು ಪದಗಳು. ಪದಗಳನ್ನು ನಿಜವಾಗಿಯೂ ಹೇಗೆ ಬೇಕಾದರೂ ಜೋಡಿಸಬಹುದಾಗಿದ್ದರೆ ಇದಕ್ಕೆ 5040 ರೂಪಗಳಿರಬೇಕಿತ್ತು. ಕಾಗದದ ಚೂರುಗಳ ಮೇಲೆ ಒಂದೊಂದು ಪದ ಬರೆದು ಕಲಸಿ ನೋಡಿ. ‘ಬಿಸಿ ರೊಟ್ಟಿಯನ್ನು ಅಜ್ಜಿ ಪಕ್ಕದ ಮನೆಯ ಹುಡುಗನಿಗೆ ಕೊಟ್ಟಳು’ ಎಂದರೆ ಕಿವಿ ಒಪ್ಪುತ್ತದೆ. ‘ಕೊಟ್ಟಳು ಅಜ್ಜಿ, ಪಕ್ಕದ ಮನೆಯ ಹುಡುಗನಿಗೆ, ಬಿಸಿ ರೊಟ್ಟಿಯನ್ನು’ ಎಂದರೆ ಕಥೆ ಹೇಳುವ ಧಾಟಿ ಬರುತ್ತದೆ, ಅರ್ಥ ಅದೇ. ಆದರೆ ‘ಪಕ್ಕದ ಅಜ್ಜಿ ಮನೆಯ ಬಿಸಿ ಹುಡುಗನಿಗೆ ರೊಟ್ಟಿಯನ್ನು ಕೊಟ್ಟಳು’ ಎಂದಾಗ? ಪದಗಳು ಅವೇ ಏಳು. ಈಗ ಅಜ್ಜಿ ಪಕ್ಕದವಳಾದಳು, ಹುಡುಗನ ಮೈ ಬಿಸಿಯಾಯಿತು. ಪಕ್ಕದಲ್ಲಿ ಸಿಕ್ಕ ಪದಗಳನ್ನು ಕಿವಿ ಹೊಸದಾಗಿ ಗುಂಪು ಕಟ್ಟಿಕೊಂಡಿತು.

ಹಾಗಾದರೆ ಅರ್ಥ ಕೆಡದಂತೆ ಓಡಾಡುವುವು ಯಾವುವು? ನಾಲ್ಕೇ: ‘ಅಜ್ಜಿ’, ‘ಪಕ್ಕದ ಮನೆಯ ಹುಡುಗನಿಗೆ’, ‘ಬಿಸಿ ರೊಟ್ಟಿಯನ್ನು’, ‘ಕೊಟ್ಟಳು’. ನಾಲ್ಕನ್ನು ಜೋಡಿಸುವ ಬಗೆಗಳು 24. ಕ್ರಿಯಾಪದ ಕೊನೆಯಲ್ಲಿ ನಿಂತ ಆರು ಬರವಣಿಗೆಗೆ ಸಹಜ, ಉಳಿದವು ಮಾತಿಗೆ, ಪದ್ಯಕ್ಕೆ. ಕನ್ನಡದಲ್ಲಿ ಓಡಾಡುವುದು ಪದವಲ್ಲ, ಪದಪುಂಜ. ನೀವು ಹೇಳುವ ಸಡಿಲತೆ ಗುಂಪುಗಳ ನಡುವೆ ಇದೆ. ಗುಂಪಿನ ಒಳಗೆ ಕನ್ನಡ ಇಂಗ್ಲಿಷಿನಷ್ಟೇ ಬಿಗಿ.

ಇದು ಇಂಗ್ಲಿಷಿನಿಂದ ತಂದ ಕಟ್ಟಳೆಯಲ್ಲ ಎನ್ನಲು ನಮ್ಮ ವಿಭಕ್ತಿಯೇ ಸಾಕ್ಷಿ. ಸಂಸ್ಕೃತದಲ್ಲಿ ಬಿಳಿಯ ಕುದುರೆಯನ್ನು ಎನ್ನಲು ‘ಶ್ವೇತಂ ಅಶ್ವಂ’ ಎನ್ನಬೇಕು. ವಿಶೇಷಣಕ್ಕೂ ವಿಭಕ್ತಿ, ವಿಶೇಷ್ಯಕ್ಕೂ ವಿಭಕ್ತಿ. ಆದ್ದರಿಂದಲೇ ಕವಿ ಒಂದನ್ನು ಶ್ಲೋಕದ ಮೊದಲ ಪಾದದಲ್ಲೂ ಇನ್ನೊಂದನ್ನು ಕೊನೆಯ ಪಾದದಲ್ಲೂ ಇಡಬಲ್ಲ, ನಾವು ಅನ್ವಯ ಮಾಡಿಕೊಂಡು ಓದುತ್ತೇವೆ. ಕನ್ನಡದಲ್ಲಿ ‘ಬಿಳಿಯ’ ಎಂಬುದಕ್ಕೆ ಏನೂ ಹತ್ತುವುದಿಲ್ಲ. ‘ಪಕ್ಕದ ಮನೆಯ ಹುಡುಗ’ ಎಂಬ ಮೂರು ಪದಗಳಿಗೆ ಸೇರಿ ಒಂದೇ ‘ಗೆ’, ಅದೂ ಕೊನೆಯಲ್ಲಿ. ಬುತ್ತಿಯ ಬಟ್ಟೆಗೆ ಒಂದೇ ಗಂಟು ಹಾಕಿದ ಹಾಗೆ. ‘ಬಿಸಿ’ಯನ್ನು ರೊಟ್ಟಿಯಿಂದ ದೂರ ಒಯ್ಯಲೇಬೇಕೆಂದರೆ ‘ರೊಟ್ಟಿಯನ್ನು ಕೊಟ್ಟಳು, ಬಿಸಿಯದನ್ನು’ ಎನ್ನಬೇಕಾಗುತ್ತದೆ. ಬೇರೆ ಗುಂಪಾದ ಕೂಡಲೇ ಅದಕ್ಕೆ ತನ್ನದೇ ವಿಭಕ್ತಿ ಬಂದದ್ದನ್ನು ಗಮನಿಸಿ.

ಸ್ಥಳ ಬದಲಿಸುವುದು ಒಂದು ಪರೀಕ್ಷೆ. ಎರಡನೆಯದು, ಒಂದೇ ಪದವನ್ನು ಬದಲಿಗೆ ಇಡುವುದು. ‘ಪಕ್ಕದ ಮನೆಯ ಹುಡುಗನಿಗೆ’ ಎಂಬುದನ್ನು ತೆಗೆದು ‘ಅವನಿಗೆ’ ಎಂದಿಟ್ಟರೆ ವಾಕ್ಯ ನಿಲ್ಲುತ್ತದೆ. ‘ಹುಡುಗನಿಗೆ ಬಿಸಿ’ ಎಂಬೆರಡರ ಬದಲಿಗೆ ಇಡಬಹುದಾದ ಪದ ಕನ್ನಡದಲ್ಲಿ ಇಲ್ಲ. ಮೂರನೆಯದು, ಪ್ರಶ್ನೆ ಕೇಳುವುದು. ‘ಯಾರಿಗೆ ಕೊಟ್ಟಳು?’ ಎಂದರೆ ಮೂರೂ ಪದ ಒಟ್ಟಿಗೆ ಉತ್ತರವಾಗಿ ಬರುತ್ತವೆ. ‘ಯಾವ ಮನೆಯ ಹುಡುಗ?’ ಎಂದು ಇನ್ನೂ ಒಳಗೆ ಕೇಳಿದರೆ ‘ಪಕ್ಕದ ಮನೆಯ’ ಎಂಬುದು ಬಿಡಿಯಾಗಿ ಎದ್ದು ಬರುತ್ತದೆ. ಆದರೆ ‘ಯಾರಿಗೆ?’ ಎಂಬುದಕ್ಕೆ ‘ಮನೆಯ ಹುಡುಗನಿಗೆ’ ಎಂದಷ್ಟೇ ಹೇಳಿದರೆ ಅವನು ಅಜ್ಜಿಯ ಮನೆಯವನೇ ಆಗಿಬಿಡುತ್ತಾನೆ. ಆದ್ದರಿಂದ ಒಳಗಿನ ಕಟ್ಟು [[ಪಕ್ಕದ ಮನೆಯ] ಹುಡುಗನಿಗೆ] ಎಂದು. [ಪಕ್ಕದ [ಮನೆಯ ಹುಡುಗನಿಗೆ]] ಎಂದಲ್ಲ. ವೃಕ್ಷ ಎಂದರೆ ಈ ಆವರಣಗಳೇ. ಒಂದೊಂದು ಆವರಣ ಒಂದೊಂದು ಕವಲು. ಪರೀಕ್ಷೆಯಲ್ಲಿ ಗೆಲ್ಲದ ಕವಲನ್ನು ಯಾರೂ ಬಿಡಿಸಬಾರದು.

ಇಂಗ್ಲಿಷಿಗೆ ಈ ಬಗೆಯ ಒಡೆಯುವಿಕೆಯನ್ನು ಅಮೆರಿಕದ ಭಾಷಾವಿಜ್ಞಾನಿ ಬ್ಲೂಮ್‌ಫೀಲ್ಡ್ 1933ರಲ್ಲಿ ‘ಪೂರ್ ಜಾನ್ ರ‍್ಯಾನ್ ಅವೇ’ ಎಂಬ ವಾಕ್ಯದ ಮೇಲೆ ತೋರಿಸಿದರು: ಮೊದಲ ಸೀಳು ‘ಜಾನ್’ ಆದ ಮೇಲೆ, ಬೇರೆಲ್ಲೂ ಅಲ್ಲ. 1957ರಲ್ಲಿ ಅದೇ ದೇಶದ ಇನ್ನೊಬ್ಬ ಭಾಷಾವಿಜ್ಞಾನಿ ಚಾಮ್‌ಸ್ಕಿ ಅದನ್ನು ನಿಯಮಗಳಾಗಿ ಬರೆದರು.

ಪರೀಕ್ಷೆಗಳು ಮೋಸ ಮಾಡುವುದೂ ಉಂಟು, ಅದನ್ನು ಮುಚ್ಚಿಡಲಾರೆ. ‘ಊ’ ಹಚ್ಚಿ ಜೋಡಿಸಬಲ್ಲವೆಲ್ಲ ಗುಂಪುಗಳೇ ಎಂದು ಹಲವರು ಕಲಿಸುತ್ತಾರೆ. ‘ಅಜ್ಜಿ ಹುಡುಗನಿಗೆ ರೊಟ್ಟಿಯನ್ನೂ ಹುಡುಗಿಗೆ ಹೋಳಿಗೆಯನ್ನೂ ಕೊಟ್ಟಳು’ ಎಂಬುದು ಚೊಕ್ಕ ಕನ್ನಡ. ಹಾಗೆಂದು ‘ಹುಡುಗನಿಗೆ ರೊಟ್ಟಿಯನ್ನು’ ಒಂದು ಘಟಕವೇ? ಅದರ ಬದಲಿಗೆ ಒಂದು ಪದ ಇಡಲಾಗದು, ಒಂದೇ ಪ್ರಶ್ನೆಗೆ ಅದು ಉತ್ತರವಾಗದು. ಇಲ್ಲಿ ಮೊದಲ ಭಾಗದ ‘ಕೊಟ್ಟಳು’ ಕಾಣೆಯಾಗಿದೆ, ಅಷ್ಟೇ. ಹೀಗಾಗಿ ಒಂದೇ ಪರೀಕ್ಷೆಯನ್ನು ನಂಬಿ ಗೆರೆ ಎಳೆಯಬಾರದು.

ನಿಮ್ಮ ಸಂದೇಹಕ್ಕೆ ನಿಜವಾದ ಬಲ ಇರುವುದು ಇನ್ನೊಂದು ಕಡೆ. ‘ಬಿಸಿ ರೊಟ್ಟಿಯನ್ನು ಕೊಟ್ಟಳು’ ಎಂದು ಕರ್ಮವೂ ಕ್ರಿಯೆಯೂ ಸೇರಿ, ಕರ್ತೃವನ್ನು ಹೊರಗಿಟ್ಟು, ಒಂದು ಗುಂಪಾಗುತ್ತವೆಯೇ? ‘ರೊಟ್ಟಿಯನ್ನು ಅಜ್ಜಿ ಕೊಟ್ಟಳು’ ಎಂದು ನಡುವೆ ಕರ್ತೃವನ್ನು ತೂರಿಸಬಹುದಾದ್ದರಿಂದ ಇಲ್ಲವೆನಿಸುತ್ತದೆ. 1980ರ ದಶಕದ ಆರಂಭದಲ್ಲಿ ಭಾಷಾವಿಜ್ಞಾನಿ ಕೆ. ಪಿ. ಮೋಹನನ್ ಮಲಯಾಳಂ ಬಗ್ಗೆ ಇದನ್ನೇ ವಾದಿಸಿದರು: ಅಲ್ಲಿ ಕರ್ತೃ, ಕರ್ಮ, ಕ್ರಿಯೆ ಒಂದೇ ಮಟ್ಟದಲ್ಲಿ ಕೂರುತ್ತವೆ ಎಂದು. ನನಗೆ ಕನ್ನಡದಲ್ಲಿ ಆ ಗುಂಪು ಇದೆ ಎಂದೇ ತೋರುತ್ತದೆ. ‘ಅಜ್ಜಿ ಹುಡುಗನಿಗೆ ರೊಟ್ಟಿಯನ್ನು ಕೊಟ್ಟಳು, ಅಮ್ಮನೂ ಹಾಗೆಯೇ ಮಾಡಿದಳು’ ಎನ್ನಿ. ‘ಹಾಗೆಯೇ ಮಾಡಿದಳು’ ಎಂಬುದು ಹುಡುಗನನ್ನೂ ರೊಟ್ಟಿಯನ್ನೂ ಕೊಡುವುದನ್ನೂ ಒಟ್ಟಿಗೆ ನುಂಗಿತು, ಕರ್ತೃವನ್ನು ಹೊರಗೆ ಬಿಟ್ಟಿತು. ಕರ್ತೃವನ್ನು ನುಂಗಿ ಕರ್ಮವನ್ನು ಹೊರಗೆ ಬಿಡುವಂತೆ ಇದನ್ನು ಬಳಸಿ ನೋಡಿ: ‘ಅಜ್ಜಿ ರೊಟ್ಟಿಯನ್ನು ಕೊಟ್ಟಳು, ಹೋಳಿಗೆಯನ್ನೂ ಹಾಗೆಯೇ ಮಾಡಿದಳು’. ಹೋಳಿಗೆಯನ್ನೂ ಕೊಟ್ಟಳು ಎಂಬ ಅರ್ಥ ಬರುವುದಿಲ್ಲ. ಕರ್ತೃ ಕರ್ಮಗಳು ಒಂದೇ ಮಟ್ಟದಲ್ಲಿದ್ದರೆ ಈ ಭೇದ ಎಲ್ಲಿಂದ ಬಂತು? ಒಪ್ಪದವರೂ ಇದ್ದಾರೆ, ಅವರು ತರುವ ವಾಕ್ಯಗಳನ್ನು ನಾನು ಎಂದೂ ಹಗುರವಾಗಿ ನೋಡಿಲ್ಲ.

ನಮ್ಮ ಮೇಜಿನ ಮೇಲೆ ಈ ಕವಲುಗಳು ವಾರಕ್ಕೊಮ್ಮೆಯಾದರೂ ಎದುರಾಗುತ್ತವೆ. ಮೊನ್ನೆ ಒಂದು ವರದಿಯಲ್ಲಿ ‘ಅಧಿಕಾರಿಗಳು ಸೋಮವಾರ ಬಂದ ದೂರನ್ನು ಪರಿಶೀಲಿಸಿದರು’ ಎಂದಿತ್ತು. ಸೋಮವಾರ ಬಂದದ್ದು ದೂರೋ, ನಡೆದದ್ದು ಪರಿಶೀಲನೆಯೋ? ಒಂದೇ ಪದಸರಣಿಗೆ ಎರಡು ವೃಕ್ಷ. ‘ಅದನ್ನು’ ಎಂದು ಬದಲಿಸಿ ನೋಡಿದರೆ ಎರಡೂ ಬೇರೆಯಾಗುತ್ತವೆ: ‘ಅಧಿಕಾರಿಗಳು ಅದನ್ನು ಪರಿಶೀಲಿಸಿದರು’ ಎಂದಾಗ ಸೋಮವಾರವು ದೂರಿನ ಜೊತೆ ಹೋಯಿತು, ‘ಅಧಿಕಾರಿಗಳು ಸೋಮವಾರ ಅದನ್ನು ಪರಿಶೀಲಿಸಿದರು’ ಎಂದಾಗ ಹೊರಗೆ ಉಳಿಯಿತು. ವರದಿಗಾರರಿಗೆ ಫೋನ್ ಮಾಡಿ ಕೇಳಿದೆವು. ಅವರು ಹೇಳಿದ್ದು ಎರಡನೆಯದು. ‘ಬಂದ ದೂರನ್ನು ಅಧಿಕಾರಿಗಳು ಸೋಮವಾರ ಪರಿಶೀಲಿಸಿದರು’ ಎಂದು ತಿದ್ದಿ ಅಚ್ಚಿಗೆ ಕಳುಹಿಸಿದೆವು.

— ಸಂಪಾದಕ