ಸ್ಟ್ರೋಕ್ ಎನ್ನಬೇಕೇ, ಪಾರ್ಶ್ವವಾಯು ಎನ್ನಬೇಕೇ?

ಪ್ರಶ್ನೆ: ಆರೋಗ್ಯದ ವಿಷಯಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಶುರು ಮಾಡಿದ್ದೇನೆ. ಅಂಗಗಳ ಮತ್ತು ರೋಗಗಳ ಹೆಸರು ಬಂದಾಗಲೆಲ್ಲ ಕೈ ನಿಲ್ಲುತ್ತದೆ. ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರಗಳಲ್ಲಿ ಬರೆಯಲೇ, ಅಥವಾ ಕನ್ನಡದಲ್ಲಿ ಕಟ್ಟಿದ ಪದ ಹಾಕಲೇ? ಏನಾದರೂ ನಿಯಮ ಇದೆಯೇ?

ಉತ್ತರ:

ಎಲ್ಲ ಪದಗಳಿಗೂ ಹೊಂದುವ ನಿಯಮ ಇಲ್ಲ. ನಾನು ಪ್ರತಿ ಪದದ ಮುಂದೆಯೂ ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ: ಇದನ್ನು ಓದಿದವರು ಮುಂದೆ ಏನು ಮಾಡುತ್ತಾರೆ? ಸರಿಯಾದ ಸಮಯಕ್ಕೆ ಸರಿಯಾದ ಕಡೆಗೆ ಕರೆದುಕೊಂಡು ಹೋಗುವ ಪದ ಒಳ್ಳೆಯದು, ಅದು ಎಲ್ಲಿಂದ ಬಂದಿದ್ದರೂ ಸರಿ. ಪದ ಎಷ್ಟು ಶುದ್ಧ, ಎಷ್ಟು ಶಾಸ್ತ್ರೀಯ ಎಂಬ ಚರ್ಚೆಯನ್ನು ನಿಘಂಟು ಮಾಡುವವರಿಗೆ ಬಿಡಬಹುದು.

ಕಣ್ಣಿನ ಪೊರೆಯನ್ನೇ ನೋಡಿ. ಕಣ್ಣಿನ ಮೇಲೆ ಯಾವ ಪೊರೆಯೂ ಬೆಳೆಯುವುದಿಲ್ಲ. ಕಣ್ಣಿನೊಳಗಿನ ಮಸೂರವೇ ಮಬ್ಬಾಗುತ್ತದೆ, ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ತೆಗೆದು ಕೃತಕ ಮಸೂರ ಕೂರಿಸುತ್ತಾರೆ. ಶರೀರಶಾಸ್ತ್ರದ ಕಣ್ಣಿನಿಂದ ನೋಡಿದರೆ ಹೆಸರು ತಪ್ಪು. ಆದರೂ ನಾನು ಅದನ್ನು ಬಿಟ್ಟು ಕ್ಯಾಟರಾಕ್ಟ್ ಎಂದು ಎಂದೂ ಬರೆಯುವುದಿಲ್ಲ. ಪೊರೆ ಬಂದಿದೆ ಎಂದ ತಕ್ಷಣ ಜನ ಕಣ್ಣಿನ ಆಸ್ಪತ್ರೆಗೆ ಹೋಗುತ್ತಾರೆ. ಆಗುವುದೇನು ಎಂದು ಒಂದು ವಾಕ್ಯದಲ್ಲಿ ವಿವರಿಸಿದರೆ ಉಳಿದ ಕೊರತೆಯೂ ತುಂಬುತ್ತದೆ.

ಪಾರ್ಶ್ವವಾಯುವಿನ ಕಥೆ ಬೇರೆ. ನನ್ನ ಮಟ್ಟಿಗೆ ಆರೋಗ್ಯ ಬರಹದಲ್ಲಿ ಅತಿ ಹೆಚ್ಚು ಯೋಚಿಸಿ ಬಳಸಬೇಕಾದ ಪದ ಇದು. ಮಿದುಳಿನ ಒಂದು ಭಾಗಕ್ಕೆ ರಕ್ತ ತಲುಪದೆ ಹೋಗುವ, ಅಥವಾ ಮಿದುಳಿನೊಳಗೆ ರಕ್ತ ಸೋರುವ ತುರ್ತುಸ್ಥಿತಿಗೆ ನಾವು ಈ ಹೆಸರು ಕೊಟ್ಟಿದ್ದೇವೆ. ಪದ ಹೇಳುವುದಾದರೂ ಏನು? ಪಾರ್ಶ್ವ ಎಂದರೆ ಮಗ್ಗುಲು, ವಾಯು ಎಂದರೆ ಹಳೆಯ ವೈದ್ಯದ ವಾತ. ಇದರಿಂದ ಎರಡು ಕಡೆ ಪೆಟ್ಟು ಬೀಳುತ್ತದೆ. ಕಾಯಿಲೆ ಕೈಕಾಲಿನಲ್ಲಿದೆ ಎಂಬ ಭಾವನೆ ಬರುತ್ತದೆ. ವಾತ ಎಂದ ಮೇಲೆ ಎಣ್ಣೆ ನೀವುವುದು, ಪಥ್ಯ ಮಾಡುವುದು ಮೊದಲು ನೆನಪಾಗುತ್ತದೆ. ಮಿದುಳು ಎಂಬ ಮಾತು ಎಲ್ಲೂ ಇಲ್ಲ, ಅವಸರ ಎಂಬ ಸುಳಿವೂ ಇಲ್ಲ.

ಅವಸರವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ 4.5 ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಕೊಡುವ ಮೊದಲು ತಲೆಯ ಸಿ.ಟಿ. ಸ್ಕ್ಯಾನ್ ಆಗಲೇಬೇಕು, ಏಕೆಂದರೆ ನಾಳ ಒಡೆದು ರಕ್ತ ಸೋರುತ್ತಿದ್ದರೆ ಅದೇ ಮದ್ದು ಪ್ರಾಣಕ್ಕೆ ಎರವಾಗಬಹುದು. ನಿದ್ದೆಯಿಂದ ಎದ್ದಾಗ ಲಕ್ಷಣ ಕಂಡರೆ, ರೋಗಿ ಕೊನೆಯ ಬಾರಿ ಚೆನ್ನಾಗಿದ್ದುದು ಯಾವಾಗ ಎಂಬುದರಿಂದ ಹೊತ್ತು ಎಣಿಸುತ್ತಾರೆ. ಇದನ್ನೆಲ್ಲ ಲೇಖನದಲ್ಲಿ ಎಷ್ಟು ಚೆನ್ನಾಗಿ ಬರೆದರೂ, ಇದು ನನ್ನ ವಿಷಯ ಎಂದು ಓದುಗನಿಗೆ ಅನಿಸದಿದ್ದರೆ ಉಪಯೋಗವಿಲ್ಲ. ಅನಿಸದಿರುವುದಕ್ಕೆ ಪದವೇ ಕಾರಣವಾಗಬಹುದು. ಮಿದುಳಿನ ಹಿಂಭಾಗಕ್ಕೆ ರಕ್ತ ಹರಿಯುವುದು ನಿಂತರೆ ಕೈಕಾಲಿನ ಬಲ ಹಾಗೆಯೇ ಇದ್ದು, ಇದ್ದಕ್ಕಿದ್ದಂತೆ ತಲೆ ಸುತ್ತಿ, ವಾಂತಿಯಾಗಿ, ನೆಟ್ಟಗೆ ನಡೆಯಲು ಆಗದೆ ಹೋಗಬಹುದು. ಮನೆಯವರು ಪಿತ್ತ ಎಂದುಕೊಳ್ಳುತ್ತಾರೆ. ಕೆಲವರಿಗೆ ಮಾತು ಮಾತ್ರ ಹೋಗುತ್ತದೆ, ಕೆಲವರಿಗೆ ದೃಷ್ಟಿಯ ಒಂದು ಭಾಗ. ಒಂದು ಮಗ್ಗುಲು ಬಿದ್ದಿಲ್ಲ ಎಂದ ಮೇಲೆ ಅದನ್ನು ಪಾರ್ಶ್ವವಾಯು ಎಂದು ಯಾರು ಗುರುತಿಸುತ್ತಾರೆ?

ಇನ್ನೊಂದು ತೊಡಕೂ ಇದೆ. ಮುಖದ ನರ ಊದಿಕೊಂಡು ಮುಖದ ಒಂದು ಬದಿ ಜೋಲುವ ಬೆಲ್ಸ್ ಪಾಲ್ಸಿಯನ್ನೂ ನಾವು ಮುಖದ ಪಾರ್ಶ್ವವಾಯು ಎನ್ನುತ್ತೇವೆ. ಅದು ಮಿದುಳಿನ ತೊಂದರೆಯಲ್ಲ, ಹೆಚ್ಚಿನವರಲ್ಲಿ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಸರಿಹೋಗುತ್ತದೆ. ಅಂಥವರನ್ನು ಕಂಡ ನೆರೆಯವರು ‘ಪಾರ್ಶ್ವವಾಯು ತಾನಾಗಿಯೇ ವಾಸಿಯಾಯಿತು’ ಎಂದರೆ, ಮುಂದೆ ನಿಜವಾದ ಸ್ಟ್ರೋಕ್ ಬಂದಾಗ ಅವರು ಕಾದು ನೋಡುತ್ತಾರೆ. ಲಕ್ವ ಎಂಬ ಪದಕ್ಕೂ ಇದೇ ದೋಷ.

ಹಾಗಾದರೆ ಹೊಸದಾಗಿ ಕಟ್ಟಿದ ಮಿದುಳಾಘಾತ? ಹೃದಯಾಘಾತದ ಜೊತೆ ಚೆನ್ನಾಗಿ ಕೂರುತ್ತದೆ, ಮಿದುಳಿನ ಹೆಸರನ್ನೂ ಹೇಳುತ್ತದೆ. ಆದರೆ ಆಘಾತ ಎಂದರೆ ಪೆಟ್ಟು ಎಂಬ ಅರ್ಥವೂ ಇರುವುದರಿಂದ ತಲೆಗೆ ಏಟು ಬಿದ್ದಿದ್ದು ಎಂದು ಓದುವವರಿದ್ದಾರೆ. ಸ್ಟ್ರೋಕ್ ಕೂಡ ಪೂರ್ತಿ ನಿರ್ದೋಷಿಯಲ್ಲ: ಬರೀ ಸ್ಟ್ರೋಕ್ ಎಂದರೆ ಹೃದಯದ ಕಾಯಿಲೆ ಎಂದುಕೊಳ್ಳುವವರೂ ಇದ್ದಾರೆ. ಆದರೂ ನನ್ನ ಮತ ಅದಕ್ಕೇ. ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಕೇಳುವ ಮಾತು ಅದು, ಬಿಡುಗಡೆ ಪತ್ರದಲ್ಲಿ ಬರೆಯುವ ಮಾತೂ ಅದೇ, ಫೋನಿನಲ್ಲಿ ಹೇಳಿದರೆ ಆ ಕಡೆಯವರಿಗೆ ಒಡನೆ ಅರ್ಥವಾಗುವುದೂ ಅದೇ. ಹೃದಯದ ಗೊಂದಲವನ್ನು ‘ಮಿದುಳಿನ ಸ್ಟ್ರೋಕ್’ ಎಂದು ಮೊದಲ ಸಲವೇ ಹೇಳಿ ಕಳೆಯಬಹುದು.

ಇದನ್ನು ಬರಹದಲ್ಲಿ ಹೇಗೆ ತರುವುದು ಎಂದು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಸಾಮಾನ್ಯವಾಗಿ ಕಾಣುವ ಬರವಣಿಗೆ ಹೀಗಿರುತ್ತದೆ: ‘ಪಾರ್ಶ್ವವಾಯುವು ಮಸ್ತಿಷ್ಕದ ರಕ್ತನಾಳಗಳ ಅಡಚಣೆಯಿಂದ ಉಂಟಾಗುವ ನರವ್ಯೂಹ ಸಂಬಂಧಿ ವ್ಯಾಧಿಯಾಗಿದ್ದು, ಇಸ್ಕೀಮಿಕ್ ಮತ್ತು ಹೆಮರಾಜಿಕ್ ಎಂಬ ಎರಡು ಪ್ರಕಾರಗಳನ್ನು ಹೊಂದಿದೆ.’ ಕಷ್ಟದ ಸಂಸ್ಕೃತವೂ ಇದೆ, ಕಷ್ಟದ ಇಂಗ್ಲಿಷೂ ಇದೆ, ಓದುಗನಿಗೆ ಹಿಡಿಯಲು ಏನೂ ಇಲ್ಲ. ನಾನು ಬರೆಯುವುದಾದರೆ: ‘ಮಿದುಳಿನ ಒಂದು ಭಾಗಕ್ಕೆ ರಕ್ತ ಹರಿಯುವುದು ಇದ್ದಕ್ಕಿದ್ದಂತೆ ನಿಂತರೆ, ಇಲ್ಲವೇ ಅಲ್ಲಿ ರಕ್ತನಾಳ ಒಡೆದರೆ, ಅದು ಮಿದುಳಿನ ಸ್ಟ್ರೋಕ್. ಪಾರ್ಶ್ವವಾಯು, ಲಕ್ವ ಎಂದು ನಾವು ಕರೆಯುವ ಸ್ಥಿತಿ ಹೆಚ್ಚಾಗಿ ಇದರಿಂದಲೇ ಬರುತ್ತದೆ. ಆದರೆ ಕೈಕಾಲು ಬೀಳದೆಯೂ ಸ್ಟ್ರೋಕ್ ಆಗಬಹುದು. ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಕಣ್ಣು ಕಾಣದಾಗುವುದು, ನಡೆಯುವಾಗ ತೂರಾಡುವುದು ಒಮ್ಮೆಲೇ ಶುರುವಾದರೆ ಆಗಲೇ ಆಸ್ಪತ್ರೆಗೆ ಹೊರಡಿ.’

ಇಲ್ಲಿ ಪಾರ್ಶ್ವವಾಯುವನ್ನು ನಾನು ಓಡಿಸಿಲ್ಲ. ಗೊತ್ತಿರುವ ಹೆಸರು ಕಂಡರೆ ಮಾತ್ರ ಅನೇಕರು ಮುಂದೆ ಓದುತ್ತಾರೆ, ಆದ್ದರಿಂದ ಅದು ಮೊದಲ ಸಾಲುಗಳಲ್ಲಿ ಇರಲೇಬೇಕು. ಆಮೇಲೆ ಎರಡು ಪದಗಳಿಗೆ ಬೇರೆ ಬೇರೆ ಕೆಲಸ ಹಂಚುತ್ತೇನೆ. ಮಿದುಳಿನಲ್ಲಿ ನಡೆದ ಘಟನೆ ಸ್ಟ್ರೋಕ್. ಅದು ಉಳಿಸಿಹೋಗುವ ಕೈಕಾಲಿನ ಬಲಹೀನತೆ ಪಾರ್ಶ್ವವಾಯು. ಇಡೀ ಲೇಖನದಲ್ಲಿ ಈ ಗೆರೆ ದಾಟುವುದಿಲ್ಲ. ಇಸ್ಕೀಮಿಕ್, ಹೆಮರಾಜಿಕ್ ಪದಗಳ ಬದಲು ‘ನಾಳ ಕಟ್ಟಿದ ಸ್ಟ್ರೋಕ್’, ‘ನಾಳ ಒಡೆದ ಸ್ಟ್ರೋಕ್’ ಎನ್ನುತ್ತೇನೆ. ಮನೆಯವರು ಆಸ್ಪತ್ರೆಯ ಕಾಗದ ಓದಬೇಕಾಗಿ ಬರುತ್ತದೆ, ಹಾಗಾಗಿ ಆ ಎರಡು ಹೆಸರುಗಳನ್ನು ಒಂದೇ ಒಂದು ಸಲ ತಿಳಿಸಿ ಮುಂದೆ ಹೋಗುತ್ತೇನೆ.

ಎರವಲು ಪದವೂ ದಾರಿ ತಪ್ಪಿಸುವುದುಂಟು. ಅದಕ್ಕೆ ಥೈರಾಯ್ಡ್ ಒಳ್ಳೆಯ ಉದಾಹರಣೆ. ಕತ್ತಿನ ಮುಂಭಾಗದ ಈ ಗ್ರಂಥಿ ಎಲ್ಲರಿಗೂ ಇದೆ, ಆದರೆ ‘ನನಗೆ ಥೈರಾಯ್ಡ್ ಇದೆ’ ಎಂದರೆ ಕಾಯಿಲೆ ಇದೆ ಎಂದೇ ಅರ್ಥವಾಗಿಬಿಟ್ಟಿದೆ. ಅಂಗದ ಹೆಸರು ರೋಗದ ಹೆಸರಾದ ಮೇಲೆ, ಗ್ರಂಥಿ ಹೆಚ್ಚು ಕೆಲಸ ಮಾಡುತ್ತಿದೆಯೋ ಕಡಿಮೆಯೋ ಎಂಬ ಮುಖ್ಯ ವಿಷಯ ಮರೆಯಾಗುತ್ತದೆ. ಹೈಪೋಥೈರಾಯ್ಡಿಸಂ, ಹೈಪರ್‌ಥೈರಾಯ್ಡಿಸಂ ಎಂದು ಬರೆದರೆ ಸಾಲದು. ಒಂದಕ್ಕೊಂದು ವಿರುದ್ಧವಾದ ಈ ಎರಡು ಪದಗಳು ಕನ್ನಡ ಅಕ್ಷರಗಳಲ್ಲಿ ಅವಳಿಗಳಂತೆ ಕಾಣುತ್ತವೆ, ವ್ಯತ್ಯಾಸ ಹೇಳುವ ಹೈಪೋ, ಹೈಪರ್‌ಗಳು ಇಂಗ್ಲಿಷ್ ಗೊತ್ತಿಲ್ಲದವರಿಗೆ ಏನೂ ಹೇಳುವುದಿಲ್ಲ. ರಕ್ತಪರೀಕ್ಷೆಯ ವರದಿ ಬಂದಾಗ ಗೊಂದಲ ಇನ್ನೂ ಹೆಚ್ಚುತ್ತದೆ. ಗ್ರಂಥಿ ಸೋತಾಗ ಅದನ್ನು ಎಬ್ಬಿಸಲು ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಆದ್ದರಿಂದ ಥೈರಾಯ್ಡ್ ಕಡಿಮೆ ಇರುವವರ ವರದಿಯಲ್ಲಿ ಸಾಮಾನ್ಯವಾಗಿ ಟಿಎಸ್‌ಎಚ್ ಹೆಚ್ಚು ಇರುತ್ತದೆ. ರೋಗಿ ‘ನನಗೆ ಥೈರಾಯ್ಡ್ ಜಾಸ್ತಿಯಂತೆ’ ಎಂದು ಹೇಳಿಕೊಂಡು ತಿರುಗುತ್ತಾನೆ, ನುಂಗುತ್ತಿರುವುದು ಕಡಿಮೆ ಇರುವವರ ಮಾತ್ರೆ.

ಥೈರಾಯ್ಡ್ ಪದದ ಮೂಲ ಅರ್ಥ ಗುರಾಣಿಯಂಥದ್ದು ಎಂದು, ಅದೇ ಅರ್ಥ ಬರುವ ಸಂಸ್ಕೃತ ಪದ ಕಟ್ಟಿ ಪ್ರಯೋಜನವಿಲ್ಲ, ಥೈರಾಯ್ಡ್ ಬೇರೂರಿ ಆಗಿದೆ. ಅಂಗದ ಹೆಸರು ಹಾಗೇ ಇರಲಿ, ಆದರೆ ಯಾವಾಗಲೂ ‘ಥೈರಾಯ್ಡ್ ಗ್ರಂಥಿ’ ಎಂದು ಪೂರ್ತಿ ಬರೆಯಿರಿ. ಅದಕ್ಕೆ ಏನಾಗಿದೆ ಎಂಬುದನ್ನು ಅಚ್ಚ ಕನ್ನಡದಲ್ಲಿ ಹೇಳಿ: ‘ಥೈರಾಯ್ಡ್ ಗ್ರಂಥಿಯ ಕೆಲಸ ಕಡಿಮೆಯಾಗಿದೆ’, ‘ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ’. ಹೆಸರು ಎರವಲು, ಕ್ರಿಯೆ ಕನ್ನಡ ಎಂಬ ಈ ಜೋಡಣೆ ಬಹಳಷ್ಟು ಕಾಯಿಲೆಗಳಿಗೆ ಒದಗಿಬರುತ್ತದೆ.

ಕಟ್ಟಿದ ಪದಗಳ ದೊಡ್ಡ ತೊಂದರೆ ಅವು ಗುಂಪಾಗಿ ಬಂದಾಗ ಕಾಣುತ್ತದೆ. ಮೂತ್ರಪಿಂಡ, ಮೂತ್ರಕೋಶ, ಮೂತ್ರನಾಳ ಎಲ್ಲವೂ ಒಂದೇ ತಲೆಯವು. ಕಿಡ್ನಿಯಿಂದ ಇಳಿಯುವ ನಾಳಕ್ಕೂ ಮೂತ್ರ ಹೊರಹೋಗುವ ನಾಳಕ್ಕೂ ಮೂತ್ರನಾಳ ಎಂದೇ ಬರೆದಿರುವುದನ್ನು ನೋಡಿದ್ದೇನೆ. ಕಲ್ಲು ಎಲ್ಲಿ ಸಿಕ್ಕಿದೆ ಎಂದು ಓದುಗನಿಗೆ ತಿಳಿಯುವುದಾದರೂ ಹೇಗೆ? ಅಲ್ಲಿ ನಾನು ಪದವನ್ನೇ ಹುಡುಕುವುದಿಲ್ಲ. ‘ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳ’ ಎಂದು ಉದ್ದಕ್ಕೆ ಹೇಳುತ್ತೇನೆ. ಪಿತ್ತಕೋಶ, ಪಿತ್ತಜನಕಾಂಗ ಎಂಬ ಜೋಡಿಯೂ ಅಪಾಯದ್ದೇ. ಮೊದಲನೆಯದನ್ನು ತೆಗೆದರೆ ಬದುಕಬಹುದು, ಎರಡನೆಯದಿಲ್ಲದೆ ಸಾಧ್ಯವಿಲ್ಲ. ಒಂದಕ್ಕೆ ಪಿತ್ತಕೋಶ, ಇನ್ನೊಂದಕ್ಕೆ ಲಿವರ್ ಎಂದರೆ ಯಾರೂ ಬೆದರುವುದಿಲ್ಲ.

ಎರವಲು ಪದ ತೆಗೆದುಕೊಂಡ ಮೇಲೆ ಅದಕ್ಕೆ ಕನ್ನಡದ ವಿಭಕ್ತಿ ಹಚ್ಚಲು ಹಿಂಜರಿಯಬೇಡಿ. ಬಸ್ಸಿಗೆ, ಕಾಲೇಜಿಗೆ ಎನ್ನುವ ಹಾಗೆಯೇ ಸ್ಟ್ರೋಕಿಗೆ, ಲಿವರಿನಲ್ಲಿ ಎಂದು ಬರೆದರೆ ಗಟ್ಟಿಯಾಗಿ ಓದುವವರ ನಾಲಿಗೆ ಎಡವುವುದಿಲ್ಲ. ಯಾವ ರೂಪ ಆರಿಸಿದಿರೋ ಅದನ್ನೇ ಕೊನೆಯವರೆಗೂ ಇಡಿ. ಒಂದು ಪ್ಯಾರಾದಲ್ಲಿ ಕಿಡ್ನಿ, ಮುಂದಿನದರಲ್ಲಿ ಮೂತ್ರಪಿಂಡ, ಆಮೇಲೆ ಮೂತ್ರಜನಕಾಂಗ ಎಂದು ಬದಲಾಯಿಸಿದರೆ ಓದುಗ ಮೂರು ಅಂಗಗಳನ್ನು ಎಣಿಸುತ್ತಾನೆ.

ಪ್ರಕಟಿಸುವ ಮೊದಲು ವೈದ್ಯರಲ್ಲದ ಒಬ್ಬರಿಗೆ, ಸಾಧ್ಯವಾದರೆ ಇಂಗ್ಲಿಷ್ ಓದದವರಿಗೆ, ಲೇಖನ ಕೊಡಿ. ಅರ್ಥವಾಯಿತೇ ಎಂದು ಕೇಳಬೇಡಿ. ಎಲ್ಲರೂ ಸಂಕೋಚಕ್ಕೆ ಹೌದು ಎನ್ನುತ್ತಾರೆ. ‘ಮನೆಯಲ್ಲಿ ಯಾರಿಗಾದರೂ ಹೀಗಾದರೆ ಏನು ಮಾಡುತ್ತೀರಿ, ಆಸ್ಪತ್ರೆಯಲ್ಲಿ ಏನೆಂದು ಹೇಳುತ್ತೀರಿ?’ ಎಂದು ಕೇಳಿ. ಸ್ಟ್ರೋಕಿನ ಲೇಖನ ಓದಿದವರು ಬೆಳಗಾದ ಮೇಲೆ ತೋರಿಸುತ್ತೇವೆ ಎಂದರೆ, ಮತ್ತೆ ಮೊದಲ ಪ್ಯಾರಾದಿಂದ ತಿದ್ದಲು ಕುಳಿತುಕೊಳ್ಳಿ.