ತಾರಸಿ ಮೇಲಿನ ಹೊಸ ಬಾತ್‌ರೂಮಿಗೆ ಹಳೇ ನಾಲ್ಕಿಂಚು ಪೈಪು ಸಾಕಾಗುತ್ತಾ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಕೆಳಗೊಂದು, ಮಹಡಿಯಲ್ಲೊಂದು ಬಾತ್‌ರೂಮ್ ಇರುವ ಮನೆ. ಎರಡೂ ಹೊರಗೋಡೆಯ ಒಂದೇ ನಾಲ್ಕಿಂಚು ಪಿವಿಸಿ ಪೈಪಿಗೆ ಸೇರಿವೆ. ಈಗ ತಾರಸಿ ಮೇಲೆ ಅಟ್ಯಾಚ್ಡ್ ಬಾತ್‌ರೂಮ್ ಇರುವ ರೂಮು ಕಟ್ಟಿಸುತ್ತಿದ್ದೇವೆ. ಅದನ್ನೂ ಇದೇ ಪೈಪಿಗೆ ಸೇರಿಸಬಹುದಾ? ಟೀ ಹಾಕಬೇಕಾ, ವೈ ಹಾಕಬೇಕಾ? ಮೂರು ಬಾತ್‌ರೂಮಿನ ಲೋಡು ತಡೆಯುತ್ತಾ?

ಸೇರಿಸಬಹುದು, ಪೈಪು ತಡೆಯುತ್ತದೆ. ಆದರೆ ನೀವು ಕೇಳದೇ ಇರುವ ಒಂದು ವಿಷಯ ಇದೆ. ಇಂಥ ಕೆಲಸದಲ್ಲಿ ನಾನು ನೋಡಿದ ತೊಂದರೆಗಳೆಲ್ಲ ಹೆಚ್ಚಾಗಿ ಅಲ್ಲಿಂದಲೇ ಶುರುವಾಗಿವೆ. ಆ ಪೈಪು ನಿಮ್ಮ ತಾರಸಿ ದಾಟಿ ಮೂರ್ನಾಲ್ಕು ಅಡಿ ಮೇಲೆ ಬಂದು, ತಲೆಗೊಂದು ಟೋಪಿ ಹಾಕಿಕೊಂಡು ನಿಂತಿರುತ್ತದೆ, ಅಲ್ವಾ? ಅದನ್ನು ನೋಡಿದರೆ ಯಾರಿಗಾದರೂ "ಓಹೋ, ಮುಂದೆ ಬೇಕಾಗುತ್ತೆ ಅಂತ ಬಿಟ್ಟಿದ್ದಾರೆ, ಇದಕ್ಕೇ ಕಮೋಡ್ ಸಿಕ್ಕಿಸಿದರಾಯಿತು" ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು.

ನಾನು ಪ್ಲಂಬಿಂಗ್ ಕಾಂಟ್ರಾಕ್ಟ್ ಶುರು ಮಾಡಿದ ಹೊಸತು. ನಿಟುವಳ್ಳಿ ಕಡೆ ಒಂದು ಮನೆ, ಥೇಟ್ ನಿಮ್ಮ ಮನೆಯ ಹಾಗೇ. ಕಾಲೇಜು ಹುಡುಗರಿಗೆ ಬಾಡಿಗೆ ಕೊಡೋಣ ಅಂತ ತಾರಸಿ ಮೇಲೆ ರೂಮು ಹಾಕಿಸಿದ್ದರು. ನಾನು ಆ ಟೋಪಿ ಕಿತ್ತೆ, ಪೈಪು ಕುಯ್ದೆ, ತುದಿಗೆ ಒಂದು ಬೆಂಡ್ ಹಾಕಿ ಕಮೋಡಿಗೆ ಜೋಡಿಸಿದೆ. ನೋಡುವುದಕ್ಕೆ ಬಹಳ ನೀಟಾಗಿತ್ತು. ಎಂಟು ದಿನಕ್ಕೆ ಮನೆ ಅಮ್ಮನ ಫೋನು: "ಏನಪ್ಪಾ, ಮೇಲೆ ಹುಡುಗರು ಫ್ಲಶ್ ಮಾಡಿದರೆ ನಮ್ಮ ಬಚ್ಚಲು ಗೊಳಗೊಳ ಅನ್ನುತ್ತೆ. ಆಮೇಲೆ ವಾಸನೆ ತಡೆಯೋಕಾಗಲ್ಲ." ಹೋಗಿ ಬಚ್ಚಲ ನೆಲದ ನಹಾನಿ ಟ್ರ್ಯಾಪಿನ ಜಾಲರಿ ತೆಗೆದು ನೋಡಿದರೆ ಒಳಗೆ ನೀರೇ ಇಲ್ಲ. ಟ್ರ್ಯಾಪಿನಲ್ಲಿ ನಿಲ್ಲುವ ಎರಡಿಂಚು ನೀರೇ ತಾನೆ ಚರಂಡಿ ಗಾಳಿಯನ್ನು ತಡೆಯುವುದು? ಅದು ಹೋಗಿತ್ತು.

ಆಗಿದ್ದು ಏನೆಂದರೆ, ನೆಟ್ಟಗೆ ನಿಂತ ಪೈಪಿನಲ್ಲಿ ನೀರು ತುಂಬಿಕೊಂಡು ಇಳಿಯುವುದಿಲ್ಲ. ಒಳಗೋಡೆಗೆ ಅಂಟಿಕೊಂಡು ಸುತ್ತಲೂ ಇಳಿಯುತ್ತದೆ, ನಡುವೆ ಗಾಳಿ ಇರುತ್ತದೆ. ಇಳಿಯುವ ನೀರು ಆ ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಆ ಜಾಗಕ್ಕೆ ಮೇಲಿನ ತುದಿಯಿಂದ ಹೊಸ ಗಾಳಿ ಬರಬೇಕು. ನಾನು ಮಾಡಿದ ಹಾಗೆ ಕಮೋಡ್ ಜೋಡಿಸಿ ತುದಿ ಮುಚ್ಚಿದರೆ ಗಾಳಿ ಎಲ್ಲಿಂದ ಬರಬೇಕು? ಹತ್ತಿರದ ಟ್ರ್ಯಾಪಿನಿಂದ. ಅಲ್ಲಿನ ನೀರನ್ನು ಎಳೆದು ಹಾಕಿಯೇ ಅದು ಒಳಗೆ ಬರುತ್ತದೆ. ಗೊಳಗೊಳ ಸದ್ದು ಅದೇ. ಮರುದಿನ ನನ್ನ ಖರ್ಚಿನಲ್ಲೇ ಬೆಂಡ್ ಕಿತ್ತು ಟೀ ಹಾಕಿ, ಅದರ ಮೇಲೆ ಮತ್ತೆ ಪೈಪು ಏರಿಸಿ ಬಂದೆ. ಸದ್ದೂ ನಿಂತಿತು, ವಾಸನೆಯೂ ನಿಂತಿತು.

ಈಗ ಲೋಡಿನ ಲೆಕ್ಕ. ನಾನು ಯುರೋಪಿನ ಇಎನ್ 12056-2 ಎಂಬ ಕೋಡಿನ ಲೆಕ್ಕ ಬಳಸುತ್ತೇನೆ, ಸುಲಭ. ಒಂದೊಂದು ಸಾಮಾನಿಗೂ ಒಂದೊಂದು ಅಂಕಿ ಇದೆ. 9 ಲೀಟರ್ ಫ್ಲಶ್ ಟ್ಯಾಂಕಿನ ಕಮೋಡಿಗೆ 2.5, ವಾಶ್ ಬೇಸಿನ್ನಿಗೆ 0.5, ನೆಲದ ನಹಾನಿ ಟ್ರ್ಯಾಪಿಗೆ 0.8. ಒಂದು ಬಾತ್‌ರೂಮಿಗೆ 3.8 ಆಯಿತು, ಮೂರಕ್ಕೆ 11.4. ಎಲ್ಲವೂ ಒಟ್ಟಿಗೆ ಹರಿಯುವುದಿಲ್ಲವಲ್ಲ, ಹಾಗಾಗಿ ಈ ಮೊತ್ತದ ವರ್ಗಮೂಲ ತೆಗೆದು, ವಾಸದ ಮನೆಗಾದರೆ ಅರ್ಧ ಮಾಡಬೇಕು. 11.4ರ ವರ್ಗಮೂಲ ಸುಮಾರು 3.4, ಅದರ ಅರ್ಧ 1.7. ಅಂದರೆ ಸೆಕೆಂಡಿಗೆ 1.7 ಲೀಟರ್. ಆದರೆ ಒಂದು ಕಮೋಡ್ ಒಂದೇ 2.5 ಬಿಡುತ್ತದೆ, ಅದಕ್ಕಿಂತ ಕಡಿಮೆ ಹಿಡಿಯುವಂತಿಲ್ಲ. ಹಾಗಾಗಿ ನಿಮ್ಮ ಮನೆಗೆ 2.5 ಅಂತಲೇ ಇಟ್ಟುಕೊಳ್ಳಿ.

ನಾಲ್ಕಿಂಚಿನ ನಿಂತ ಪೈಪು ಎಷ್ಟು ತಡೆಯುತ್ತದೆ? ಅದೇ ಕೋಡಿನ ಪ್ರಕಾರ ಚೌಕಾಗಿ ಸೇರುವ ಜಾಯಿಂಟ್ ಇದ್ದರೆ ಸೆಕೆಂಡಿಗೆ 4 ಲೀಟರ್, ಕೆಳಮುಖವಾಗಿ ಬಳುಕಿ ಸೇರುವ ಜಾಯಿಂಟ್ ಇದ್ದರೆ 5.2 ಲೀಟರ್. ಎರಡೂ ನಿಮಗೆ ಧಾರಾಳ. ಆದರೆ ಇದು ಮೇಲಿನ ತುದಿ ಗಾಳಿಗೆ ತೆರೆದಿರುವ ಪೈಪಿನ ಲೆಕ್ಕ. ತುದಿ ಮುಚ್ಚಿದ ದಿನ ಈ ಅಂಕಿಗಳಿಗೆ ಬೆಲೆ ಇಲ್ಲ. ಇನ್ನೊಂದು ಮಾತು, ಟೇಪ್ ಹಿಡಿದು ಪೈಪಿನ ಸುತ್ತಳತೆ ನೋಡಿಕೊಳ್ಳಿ. ಸುಮಾರು 34–35 ಸೆಂಟಿಮೀಟರ್ ಬಂದರೆ 110 ಎಂಎಂ ಪೈಪು, ಸರಿ. 23–24 ಬಂದರೆ ಅದು 75 ಎಂಎಂ, ಬರೀ ಬಚ್ಚಲ ನೀರಿನ ಲೈನು. ಅದಕ್ಕೆ ಕಮೋಡ್ ಸೇರಿಸುವ ಮಾತೇ ಇಲ್ಲ. ಹಳೇ ಮನೆಗಳಲ್ಲಿ ಎರಡೂ ಪೈಪು ಅಕ್ಕಪಕ್ಕ ಇರುತ್ತವೆ, ಗಡಿಬಿಡಿಯಲ್ಲಿ ತಪ್ಪು ಪೈಪಿಗೆ ಕೈ ಹಾಕುವುದುಂಟು.

ಟೀನಾ, ವೈನಾ ಅನ್ನುವುದಕ್ಕೆ ನನ್ನ ಉತ್ತರ ಹೀಗೆ: ನಿಂತ ಪೈಪಿಗೆ ಬಳುಕೂ ತೆಗೆಯುವ ಮುಚ್ಚಳವೂ ಇರುವ ಡೋರ್ ಟೀ, ಮಲಗಿದ ಪೈಪಿಗೆ ವೈ. ಮಲಗಿದ ಲೈನಿಗೆ ಟೀ ಹಾಕಿದರೆ ನೀರು ಎದುರು ಗೋಡೆಗೆ ಬಡಿದು ಎರಡೂ ಕಡೆ ಹರಡುತ್ತದೆ, ಹಿಂದೆ ಹೋದ ಗಲೀಜು ಅಲ್ಲೇ ಒಣಗುತ್ತದೆ. ನಿಂತ ಪೈಪಿನಲ್ಲಿ ಆ ತೊಂದರೆ ಇಲ್ಲ, ನೀರು ಬಿದ್ದು ಹೋಗುತ್ತದೆ. ಹಾಗಿದ್ದರೆ ಅಲ್ಲೂ ವೈ ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಂತ ಬಹಳ ಜನ ಕೇಳುತ್ತಾರೆ. ಕಮೋಡಿನ ಲೈನಿಗಾದರೆ ಹಾಕಬಹುದು. ಫ್ಲಶ್ಶಿನ ಕೊನೆಯ ನೀರು ಅದರ ಟ್ರ್ಯಾಪನ್ನು ಮತ್ತೆ ತುಂಬುತ್ತದೆ. ನಹಾನಿ ಟ್ರ್ಯಾಪಿನಿಂದ ಬರುವ ಸಣ್ಣ ಪೈಪಿಗೆ ಬೇಡ. ವೈ ಹತ್ತಿರ ಆ ಪೈಪು ಕಡಿದಾಗಿ ಕೆಳಗೆ ಬಾಗುತ್ತದೆ, ನೀರು ಅಲ್ಲಿ ಪೈಪು ತುಂಬಿ ಇಳಿದು ತನ್ನದೇ ಟ್ರ್ಯಾಪಿನ ನೀರನ್ನು ಎಳೆದುಕೊಂಡು ಹೋಗಬಹುದು. ಟೀ ಹಾಕಿದರೆ ಪೈಪಿನ ಮೇಲ್ಭಾಗ ಖಾಲಿ ಇದ್ದು, ದೊಡ್ಡ ಪೈಪಿನ ಗಾಳಿ ಟ್ರ್ಯಾಪಿನವರೆಗೂ ಬರುತ್ತದೆ.

ನಿಮ್ಮದು ತಾರಸಿ ಮೇಲಿನ ಕೆಲಸವಾದ್ದರಿಂದ ಒಂದು ಅನುಕೂಲ ಇದೆ. ಪೈಪನ್ನು ಮಧ್ಯದಲ್ಲಿ ಕುಯ್ದು ಟೀ ತುರುಕಬೇಕಾಗಿಲ್ಲ. ಮೇಲಿನ ತುಂಡನ್ನು ಕುಯ್ದು ಎತ್ತಿ ತೆಗೆದು, ಟೀ ಕೂರಿಸಿ, ಅದರ ಮೇಲೆ ಹೊಸ ಪೈಪು ಏರಿಸಿದರಾಯಿತು. ಕುಯ್ಯುವ ಮೊದಲು ಕೆಳಗಿನ ಪೈಪಿಗೆ ಒಂದು ಕ್ಲ್ಯಾಂಪ್ ಹೊಡೆಸಿ. ಟೀಯ ಬಳುಕು ಕೆಳಮುಖವಾಗಿಯೇ ಇರಬೇಕು. ತಲೆಕೆಳಗಾಗಿ ಹಾಕಿದ್ದನ್ನು ನಾನು ಒಂದೆರಡು ಮನೆಯಲ್ಲಿ ಕಂಡಿದ್ದೇನೆ. ಡೋರ್ ಕೈಗೆ ಸಿಗುವ ಕಡೆ ತಿರುಗಿರಲಿ. ರಬ್ಬರ್ ರಿಂಗ್ ಜಾಯಿಂಟ್ ಆದರೆ ಪೈಪನ್ನು ಪೂರ್ತಿ ಒಳಗೆ ತಳ್ಳಿ, ಗುರುತು ಹಾಕಿ, 10 ಎಂಎಂ ಹಿಂದಕ್ಕೆ ಎಳೆಯಿರಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ 10 ಅಡಿ ಪೈಪು ಐದಾರು ಎಂಎಂ ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು.

ಕಮೋಡ್ ಪಿ ಟ್ರ್ಯಾಪಿನದೇ ತರಿಸಿ. ಅದರ ಬಾಯಿ ನೆಲದಿಂದ ಸುಮಾರು 180 ಎಂಎಂ ಮೇಲೆ ಗೋಡೆ ಕಡೆಗೇ ಇರುತ್ತದೆ, ಸ್ಲ್ಯಾಬ್ ಒಡೆಯಬೇಕಿಲ್ಲ. ಕಮೋಡಿನಿಂದ ನಿಂತ ಪೈಪಿಗೆ ಐದಡಿ ದೂರ ಅಂದುಕೊಳ್ಳಿ. ಮೀಟರಿಗೆ 25 ಎಂಎಂ ವಾಟ ಕೊಟ್ಟರೆ ಒಟ್ಟು 40 ಎಂಎಂ ಇಳಿಯುತ್ತದೆ. ನಹಾನಿ ಟ್ರ್ಯಾಪಿನ ಪೈಪು ಬಾತ್‌ರೂಮಿನ ನೆಲ ಎತ್ತರಿಸಿದ ಭರ್ತಿಯೊಳಗೆ ಬರುತ್ತದೆ, ಹಾಗಾಗಿ ಅದು ಕಮೋಡಿನ ಟೀಗಿಂತ ಹತ್ತಿಂಚು ಕೆಳಗೆ ಸೇರುತ್ತದೆ. ಇವೆರಡೂ ಎದುರುಬದುರು ದಿಕ್ಕಿನಿಂದ ಬರುವುದಾದರೆ ಮಧ್ಯೆ ಕನಿಷ್ಠ 200 ಎಂಎಂ ಅಂತರ ಇರಲೇಬೇಕು. ಇಲ್ಲದಿದ್ದರೆ ಕಮೋಡಿನ ನೀರು ನೇರ ಎದುರಿನ ಪೈಪಿಗೇ ನುಗ್ಗುತ್ತದೆ.

ಟೀ ಮೇಲೆ ಏರಿಸಿದ ಗಾಳಿ ಪೈಪನ್ನು ಹೊಸ ರೂಮಿನ ಸೂರು ದಾಟಿಸಿ. ಮೂರು ಮೀಟರಿನೊಳಗೆ ಕಿಟಕಿ ಇದ್ದರೆ ಆ ಕಿಟಕಿಯ ಮೇಲಂಚಿಗಿಂತ 900 ಎಂಎಂ ಎತ್ತರವಾದರೂ ಇರಲಿ. ಹಳೇ ಎತ್ತರಕ್ಕೇ ಬಿಟ್ಟರೆ ಆ ಗಾಳಿ ನೇರ ಹೊಸ ರೂಮಿನ ಕಿಟಕಿಗೇ ಬರುತ್ತದೆ.

ನಿಂತ ಪೈಪಿಗಿಂತ ನನಗೆ ಜಾಸ್ತಿ ಅನುಮಾನ ಅದರ ಬುಡದ ಮೇಲೆ. ಪೈಪು ನೆಲ ಮುಟ್ಟಿ ಚೇಂಬರಿನ ಕಡೆ ಮಲಗುತ್ತದಲ್ಲ, ಅಲ್ಲಿ ನೀರಿನ ಓಟ ಒಮ್ಮೆಲೇ ತಗ್ಗುತ್ತದೆ. ನಾಲ್ಕಿಂಚು ಪೈಪು ಮೀಟರಿಗೆ 20 ಎಂಎಂ ವಾಟದಲ್ಲಿ ಅರ್ಧ ತುಂಬಿ ಹರಿದರೆ ಸೆಕೆಂಡಿಗೆ ಸುಮಾರು 3.5 ಲೀಟರ್ ಸಾಗಿಸುತ್ತದೆ. 10 ಎಂಎಂ ವಾಟವಾದರೆ 2.5 ಲೀಟರ್ ಅಷ್ಟೇ. ನಿಮಗೆ ಬೇಕಾದದ್ದೂ ಅಷ್ಟೇ, ಅಂದರೆ ಮಿಗುವುದು ಏನೂ ಇಲ್ಲ. ಅದಕ್ಕೆ ಹೊಸ ಸಾಮಾನು ಕೊಳ್ಳುವ ಮೊದಲೇ ಚೇಂಬರಿನ ಮುಚ್ಚಳ ತೆಗೆಸಿ. ಕೆಳಗೂ ಮಹಡಿಯಲ್ಲೂ ಒಟ್ಟಿಗೆ ಫ್ಲಶ್ ಮಾಡಿಸಿ ನೋಡಿ. ನೀರು ಸರಾಗವಾಗಿ ಬಂದು ಹೋದರೆ ಸರಿ. ಚೇಂಬರಿನ ಗೋಡೆಯ ಮೇಲೆ ಗಲೀಜಿನ ಗೆರೆ ಎತ್ತರಕ್ಕೆ ಕಂಡರೆ ಅದು ಆಗಾಗ ತುಂಬುತ್ತಿದೆ ಅಂತ ಅರ್ಥ, ಮೊದಲು ಆ ಲೈನು ಸರಿಮಾಡಿಸಿ. ಬುಡದಲ್ಲಿ ಗಿಡ್ಡ 90 ಡಿಗ್ರಿ ಬೆಂಡ್ ಇದ್ದರೆ ತೆಗೆಸಿ ಎರಡು 45 ಡಿಗ್ರಿ ಬೆಂಡ್ ಹಾಕಿಸಿ. ಕೆಳಮನೆಯ ಬಾತ್‌ರೂಮ್ ಆ ಬುಡದಿಂದ 450 ಎಂಎಂ ಒಳಗೇ ಸೇರಿದ್ದರೆ, ಮೇಲಿನಿಂದ ಬಂದ ನೀರು ಅಲ್ಲಿ ಒತ್ತಿಕೊಂಡು ಕೆಳಗಿನ ಟ್ರ್ಯಾಪಿನಿಂದ ಗುಳ್ಳೆ ಎಬ್ಬಿಸುತ್ತದೆ. ಹಾಗಿದ್ದರೆ ಕೆಳಗಿನ ಬಾತ್‌ರೂಮನ್ನು ಬೇರೆ ಪೈಪಿನಲ್ಲಿ ನೇರ ಚೇಂಬರಿಗೆ ಒಯ್ಯುವುದೇ ವಾಸಿ.

ಕೆಲಸ ಮುಗಿದ ಮೇಲೆ ಮೇಸ್ತ್ರಿಗೆ ಪೂರ್ತಿ ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಮೂರೂ ನಹಾನಿ ಟ್ರ್ಯಾಪಿಗೆ ನೀರು ಹಾಕಿ ತುಂಬಿಸಿ. ತಾರಸಿಯ ಕಮೋಡನ್ನೂ ಮಹಡಿಯ ಕಮೋಡನ್ನೂ ಒಟ್ಟಿಗೆ ಫ್ಲಶ್ ಮಾಡಿಸಿ, ಮೇಲೊಂದು ನಲ್ಲಿ ಬಿಟ್ಟಿರಲಿ. ಆಮೇಲೆ ಟ್ರ್ಯಾಪುಗಳಲ್ಲಿ ನೀರು ಎಷ್ಟು ಇಳಿಯಿತು ಅಂತ ಒಂದು ಕಡ್ಡಿ ಇಳಿಸಿ ಅಳೆಯಿರಿ. 50 ಎಂಎಂ ನೀರಿನ ತಡೆಯಲ್ಲಿ 25 ಎಂಎಂ ಆದರೂ ಉಳಿದಿರಬೇಕು. ಅದಕ್ಕಿಂತ ಕಡಿಮೆಯಾಗಿದ್ದರೆ ಮೊದಲು ತಾರಸಿ ಹತ್ತಿ ಗಾಳಿ ಪೈಪಿನ ಬಾಯಿ ನೋಡಿ. ಒಮ್ಮೆ ವಿದ್ಯಾನಗರದ ಒಂದು ಮನೆಯಲ್ಲಿ ಎಲ್ಲ ಸರಿಯಾಗಿಯೇ ಮಾಡಿದ್ದೆ, ಆದರೂ ಟ್ರ್ಯಾಪ್ ಖಾಲಿ. ಹತ್ತಿ ನೋಡಿದರೆ, ಪ್ಲಾಸ್ಟರ್ ಮಾಡುವಾಗ ಗಾರೆ ಬೀಳದಿರಲಿ ಅಂತ ತುರುಕಿದ್ದ ಸಿಮೆಂಟು ಚೀಲ ಹಾಗೇ ಇತ್ತು.