ಅಪಮೌಲ್ಯದ ನಂತರ ಕೊರತೆ ಹೆಚ್ಚಿದ್ದೇಕೆ?

"ಕರೆನ್ಸಿ ಬೆಲೆ ಇಳಿದರೆ ರಫ್ತು ಹೆಚ್ಚಬೇಕಲ್ಲವೇ? ನನ್ನ ಲೆಕ್ಕದಲ್ಲಿ ವ್ಯಾಪಾರ ಕೊರತೆ ಮೂರು ಪಟ್ಟಾಗಿದೆ. ಎಲ್ಲಿ ತಪ್ಪಿದೆ?"

ತಪ್ಪಿಲ್ಲದಿರಬಹುದು. ಬೆಲೆ ಆ ದಿನವೇ ಬದಲಾಗುತ್ತದೆ, ಪ್ರಮಾಣ ಬದಲಾಗಲು ತಿಂಗಳುಗಳು ಬೇಕು. ಹಳೆಯ ಒಪ್ಪಂದದ ಸರಕು ಇನ್ನೂ ಬರುತ್ತಲೇ ಇರುತ್ತದೆ.

ಮೊದಲು ಬಿಲ್ ಯಾವ ಕರೆನ್ಸಿಯಲ್ಲಿದೆ ನೋಡಿ. ಆಮದು 100 ಡಾಲರ್, ರಫ್ತು ಸ್ವದೇಶಿ ಹಣದಲ್ಲಿ 900 ಎಂದುಕೊಳ್ಳಿ. ಡಾಲರ್ ದರ 10 ಇದ್ದಾಗ ಕೊರತೆ 100. ದರ 12ಕ್ಕೇರಿದರೆ ಆಮದಿನ ಬಿಲ್ಲು 1200, ರಫ್ತು 900ರಲ್ಲೇ ನಿಂತಿರುತ್ತದೆ; ಕೊರತೆ 300. ವ್ಯಾಪಾರ ಶಿಲ್ಕು ಹೀಗೆ ಮೊದಲು ಇಳಿದು ಆಮೇಲೆ ಏರುವುದನ್ನು 'ಜೆ' ರೇಖೆ ಎನ್ನುತ್ತಾರೆ; ಆ ಅಕ್ಷರದ ಕೆಳಗಿನ ಕೊಕ್ಕೆ ಇದೇ.

ಆಮೇಲೆ ಪ್ರಮಾಣ ಬದಲಿಸಿ. ಆಮದು 15% ಇಳಿದು ರಫ್ತು 15% ಏರಿದರೆ 1020 ಮತ್ತು 1035, ಅಂದರೆ 15 ಮಿಗತೆ. ಎರಡೂ 5% ಮಾತ್ರ ಬದಲಾದರೆ 1140 ಮತ್ತು 945; ಕೊರತೆ 195, ಮೊದಲಿಗಿಂತ ಹೆಚ್ಚೇ. ಬೇಡಿಕೆ ಬೆಲೆಗೆ ಅಷ್ಟಾಗಿ ಸ್ಪಂದಿಸದಿದ್ದರೆ ರೇಖೆ ಮೊದಲಿನ ಮಟ್ಟಕ್ಕೆ ಮೇಲೇಳುವುದೇ ಇಲ್ಲ. ಚೇತರಿಕೆಗೆ ಎಷ್ಟು ತ್ರೈಮಾಸಿಕ ಬೇಕೆಂಬುದು ಸರಕಿನ ಮೇಲಿದೆ, ಖಚಿತ ಅಂಕಿ ಕೊಡಲಾಗದು.

ರಫ್ತಿನ ಬಿಲ್ಲೂ ಡಾಲರಿನಲ್ಲಿದ್ದರೆ (ಇದನ್ನೇ ಹೆಚ್ಚಿನವರು ಮರೆಯುವುದು) ಅದು 90 ಡಾಲರ್, ಅಂದರೆ 1080. ಕೊರತೆ ಬರೀ 120. ಡಾಲರ್ ಲೆಕ್ಕದಲ್ಲಿ ಮೊದಲಿನಂತೆ 10. ನಿಮ್ಮದೂ ಹೀಗಿದ್ದರೆ ಲೆಕ್ಕದ ಹಾಳೆಯಲ್ಲಿ ರಫ್ತಿನ ಕಾಲಂ ಸರಿಪಡಿಸಿ ಮತ್ತೆ ಓಡಿಸಿ.